ಮೀಟರ್ ಫೋಟೊದಲ್ಲಿ ಕಂಡ ದೀಪ: ಯಾವುದಕ್ಕೆ ಕಾರು ಅಲ್ಲೇ ನಿಲ್ಲಬೇಕು?

ಕಾರು ಓಡಿಸುತ್ತಿರುವಾಗ ಡ್ಯಾಶ್‌ಬೋರ್ಡಿನಲ್ಲಿ ಗುರುತಿಲ್ಲದ ದೀಪವೊಂದು ಹೊತ್ತಿಕೊಂಡರೆ, ಅದರ ಫೋಟೊ ತೆಗೆದು ಪರಿಚಯದ ಮೆಕ್ಯಾನಿಕ್‌ಗೋ ಕಾರಿನ ಬಗ್ಗೆ ತಿಳಿದ ನೆಂಟರಿಗೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಈಗ ರೂಢಿ. ಫೋಟೊ ನೋಡುವವರಿಗೆ ಎಂಜಿನ್ನಿನ ಸದ್ದು ಕೇಳಿಸುವುದಿಲ್ಲ, ಸುಟ್ಟ ವಾಸನೆ ಬರುವುದಿಲ್ಲ, ಕಾರಿನಡಿ ಏನು ಸೋರುತ್ತಿದೆಯೋ ಕಾಣುವುದಿಲ್ಲ. ಆದರೂ ಒಂದು ಫೋಟೊದಲ್ಲಿ ದೀಪಕ್ಕಿಂತ ಹೆಚ್ಚಿನ ಮಾಹಿತಿ ಇರುತ್ತದೆ. ಅದನ್ನು ಸರಿಯಾದ ಕ್ರಮದಲ್ಲಿ ಓದಿದರೆ, ಕಾರನ್ನು ಅಲ್ಲೇ ನಿಲ್ಲಿಸಬೇಕೋ ಗ್ಯಾರೇಜಿನವರೆಗೆ ಓಡಿಸಬಹುದೋ ಎಂಬುದು ಬಹುತೇಕ ಸಲ ಗೊತ್ತಾಗುತ್ತದೆ.

ಮೊದಲು ನೋಡಬೇಕಾದದ್ದು ದೀಪವನ್ನಲ್ಲ, ಆರ್‌ಪಿಎಂ ಮುಳ್ಳನ್ನು. ಎಂಜಿನ್ ಓಡುತ್ತಿದೆಯೇ ಇಲ್ಲವೇ ಎಂದು ಹೇಳುವುದು ಅದೊಂದೇ. ಕೀ ತಿರುಗಿಸಿ ಎಂಜಿನ್ ಇನ್ನೂ ಸ್ಟಾರ್ಟ್ ಮಾಡದಿರುವಾಗ ಕಾರಿನ ಕಂಪ್ಯೂಟರ್ ತನ್ನ ಎಚ್ಚರಿಕೆಯ ದೀಪಗಳನ್ನೆಲ್ಲ ಪರೀಕ್ಷೆಗೆಂದು ಒಮ್ಮೆ ಹೊತ್ತಿಸುತ್ತದೆ. ಏರ್‌ಬ್ಯಾಗ್ ಮತ್ತು ಎಬಿಎಸ್ ದೀಪಗಳು ಕೆಲವು ಸೆಕೆಂಡುಗಳಲ್ಲಿ ಆರುತ್ತವೆ. ಆಯಿಲ್ ಮತ್ತು ಬ್ಯಾಟರಿ ದೀಪಗಳು ಎಂಜಿನ್ ಸ್ಟಾರ್ಟ್ ಆಗುವವರೆಗೂ ಉರಿಯುತ್ತಲೇ ಇರುತ್ತವೆ, ಏಕೆಂದರೆ ಆ ಹೊತ್ತಿನಲ್ಲಿ ಆಯಿಲ್ ಒತ್ತಡ ನಿಜಕ್ಕೂ ಇರುವುದಿಲ್ಲ, ಆಲ್ಟರ್ನೇಟರ್ ತಿರುಗುತ್ತಿರುವುದೂ ಇಲ್ಲ. ಹಾಗಾಗಿ ಆರ್‌ಪಿಎಂ ಸೊನ್ನೆಯಲ್ಲಿದ್ದು ಏಳೆಂಟು ದೀಪಗಳು ಒಟ್ಟಿಗೆ ಉರಿಯುತ್ತಿರುವ ಫೋಟೊ ನೋಡಲು ಗಾಬರಿ ಹುಟ್ಟಿಸಿದರೂ ಅದು ಆರೋಗ್ಯವಂತ ಕಾರಿನ ಫೋಟೊವೇ ಆಗಿರಬಹುದು. ಆ ಪರೀಕ್ಷೆಯಲ್ಲಿ ಹೊತ್ತಬೇಕಾದ ದೀಪ ಹೊತ್ತದೇ ಹೋದರೆ ಅದೇ ಅನುಮಾನದ ಸಂಗತಿ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಇದನ್ನು ಗಮನಿಸಬೇಕು: ಏರ್‌ಬ್ಯಾಗಿನ ದೋಷ ಮುಚ್ಚಿಡಲು ಅದರ ದೀಪವನ್ನೇ ಕಿತ್ತಿಟ್ಟು ಮಾರುವುದುಂಟು.

ಮುಳ್ಳು 700ರಿಂದ 900ರ ಆಸುಪಾಸಿನಲ್ಲಿದ್ದರೆ ಎಂಜಿನ್ ಐಡಲ್‌ನಲ್ಲಿ ಓಡುತ್ತಿದೆ ಎಂದರ್ಥ. ಆಗ ಉರಿಯುತ್ತಿರುವ ಪ್ರತಿ ಕೆಂಪು ದೀಪಕ್ಕೂ ಕಾರಣ ಹುಡುಕಬೇಕು. ಇಲ್ಲಿ ತಪ್ಪು ಓದಿಗೆ ಎಡೆಯಾಗುವುದು ರಸ್ತೆಯಲ್ಲಿ ಎಂಜಿನ್ ತಾನಾಗಿ ಆಫ್ ಆದಾಗ. ಡೀಸೆಲ್ ಖಾಲಿಯಾಗಿಯೋ ಕ್ಲಚ್ ಬಿಟ್ಟದ್ದು ಹೆಚ್ಚುಕಡಿಮೆಯಾಗಿಯೋ ಎಂಜಿನ್ ನಿಂತರೂ ಆಯಿಲ್ ದೀಪ, ಬ್ಯಾಟರಿ ದೀಪ ಎರಡೂ ಹೊತ್ತುತ್ತವೆ. ಆಗ ಅವು ಎಂಜಿನ್ ನಿಂತದ್ದರ ಪರಿಣಾಮವೇ ಹೊರತು ಕಾರಣವಲ್ಲ. ಆದ್ದರಿಂದ ಫೋಟೊ ಕಳಿಸಿದವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ದೀಪ ಮೊದಲು ಹೊತ್ತಿತೋ ಎಂಜಿನ್ ಮೊದಲು ನಿಂತಿತೋ ಎಂಬುದು. ಸಿಗ್ನಲ್‌ನಲ್ಲಿ ಎಂಜಿನ್ನನ್ನು ತಾನೇ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡುವ ಕಾರುಗಳಲ್ಲೂ ಮುಳ್ಳು ಸೊನ್ನೆಗೆ ಇಳಿಯುತ್ತದೆ. ಅಲ್ಲಿ ಸಾಮಾನ್ಯವಾಗಿ ವೃತ್ತದೊಳಗಿನ A ಅಕ್ಷರದ ಹಸಿರು ಗುರುತು ಜೊತೆಗಿರುತ್ತದೆ. ವಿದ್ಯುತ್ ಕಾರುಗಳಲ್ಲಂತೂ ಆರ್‌ಪಿಎಂ ಮುಳ್ಳೇ ಇಲ್ಲ. ಅವುಗಳಲ್ಲಿ READY ಎಂಬ ಸೂಚನೆ ಇದೆಯೇ ಎಂದು ನೋಡಬೇಕು.

ಎರಡನೆಯದು ಬಣ್ಣ. ಕೆಂಪು ಅಪಾಯಕ್ಕೆ, ಹಳದಿ ಎಚ್ಚರಿಕೆಗೆ, ಹಸಿರು ಮತ್ತು ನೀಲಿ ಮಾಹಿತಿಗೆ. ಗುರುತುಗಳ ಆಕಾರಕ್ಕೆ ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಹಾಗಾಗಿಯೇ ಬೇರೆ ಬೇರೆ ಕಂಪನಿಗಳ ಕಾರುಗಳಲ್ಲೂ ಮುಖ್ಯ ಗುರುತುಗಳು ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಆದರೆ ಫೋಟೊದಲ್ಲಿ ಕಂಡ ಬಣ್ಣವನ್ನು ಪೂರ್ತಿ ನಂಬುವಂತಿಲ್ಲ. ಕತ್ತಲಲ್ಲಿ ತೆಗೆದ ಫೋಟೊದಲ್ಲಿ ಪ್ರಖರವಾದ ಕೆಂಪು ದೀಪದ ನಡುಭಾಗ ಬೆಳ್ಳಗಾಗಿ ಅಂಚು ಕಿತ್ತಳೆಯಾಗಿ ಬರುತ್ತದೆ. ನೋಡಿದವರು ಅದನ್ನು ಹಳದಿ ಎಂದುಕೊಳ್ಳುತ್ತಾರೆ. ಬಿಸಿಲಲ್ಲಿ ತೆಗೆದದ್ದರಲ್ಲಿ ದೀಪ ಉರಿಯುತ್ತಿದೆಯೋ ಗಾಜಿನ ಮೇಲಿನ ಪ್ರತಿಬಿಂಬವೋ ಎಂಬ ಅನುಮಾನ ಬರುತ್ತದೆ. ಇನ್ನೊಂದು ತೊಡಕೂ ಇದೆ. ಎಲ್‌ಇಡಿ ದೀಪಗಳ ಬೆಳಕನ್ನು ತಗ್ಗಿಸಲು ಅವುಗಳನ್ನು ಕಣ್ಣಿಗೆ ತಿಳಿಯದಷ್ಟು ವೇಗದಲ್ಲಿ ಆರಿಸಿ ಹೊತ್ತಿಸಲಾಗುತ್ತದೆ. ಕ್ಯಾಮೆರಾ ಆರಿದ ಕ್ಷಣವನ್ನೇ ಹಿಡಿದರೆ ಉರಿಯುವ ದೀಪ ಫೋಟೊದಲ್ಲಿ ಮಂಕಾಗಿ ಕಾಣಬಹುದು, ಕಾಣದೆಯೂ ಇರಬಹುದು. ಇದೆಲ್ಲದಕ್ಕಿಂತ ದೊಡ್ಡ ಕೊರತೆ ಎಂದರೆ ಮಿನುಗುವ ದೀಪಕ್ಕೂ ಒಂದೇ ಸಮನೆ ಉರಿಯುವ ದೀಪಕ್ಕೂ ಫೋಟೊದಲ್ಲಿ ವ್ಯತ್ಯಾಸವೇ ತಿಳಿಯದಿರುವುದು. ಒಂದು ದೀಪದ ಮಟ್ಟಿಗೆ ಆ ವ್ಯತ್ಯಾಸ ಕಾರು ನಿಲ್ಲಿಸುವ ನಿರ್ಧಾರವನ್ನೇ ಬದಲಿಸುತ್ತದೆ. ಆದ್ದರಿಂದ ಹತ್ತು ಸೆಕೆಂಡಿನ ವಿಡಿಯೊ ಕಳಿಸುವುದು ಮೇಲು. ಅದನ್ನು ಕಾರು ನಿಲ್ಲಿಸಿದ ಮೇಲೆ ತೆಗೆಯಬೇಕು, ಇಲ್ಲವೇ ಪಕ್ಕದ ಸೀಟಿನವರು ತೆಗೆಯಬೇಕು. ಸ್ಟೀರಿಂಗ್‌ನ ಅಂಚು ಮೂಲೆಯ ದೀಪಗಳನ್ನು ಮರೆಮಾಡದಂತೆ ಇಡೀ ಮೀಟರ್ ಕಾಣುವ ಹಾಗಿರಬೇಕು. ಹೊಸ ಕಾರುಗಳ ಪರದೆಯಲ್ಲಿ ಗುರುತಿನ ಜೊತೆ ಒಂದು ಸಾಲು ಸಂದೇಶವೂ ಬರುತ್ತದೆ, ಅದೂ ಓದುವಂತಿರಬೇಕು.

ಎಂಜಿನ್ ಓಡುತ್ತಿದೆ ಎಂಬುದು ಖಚಿತವಾದ ಮೇಲೆ, ಕಾರನ್ನು ಕೂಡಲೇ ನಿಲ್ಲಿಸಬೇಕಾದ ಕೆಂಪು ದೀಪಗಳು ಮುಖ್ಯವಾಗಿ ಮೂರೇ: ಆಯಿಲ್ ಒತ್ತಡ, ಎಂಜಿನ್ ಬಿಸಿ, ಬ್ರೇಕ್.

ಇವುಗಳಲ್ಲಿ ಅತಿ ಕಡಿಮೆ ಸಮಯ ಕೊಡುವುದು ಆಯಿಲ್ ದೀಪ. ಉದ್ದ ಮೂತಿಯ ಎಣ್ಣೆ ಡಬ್ಬಿ, ಮೂತಿಯ ತುದಿಯಲ್ಲಿ ಒಂದು ಹನಿ, ಇದು ಅದರ ಗುರುತು. ಈ ದೀಪ ಹೇಳುವುದು ಆಯಿಲ್ ಎಷ್ಟಿದೆ ಎಂದಲ್ಲ, ಅದರ ಒತ್ತಡ ಕುಸಿದಿದೆ ಎಂದು. ಎಂಜಿನ್ನಿನೊಳಗೆ ಕ್ರ್ಯಾಂಕ್‌ಶಾಫ್ಟ್ ತನ್ನ ಬೇರಿಂಗ್‌ಗಳನ್ನು ಮುಟ್ಟದೆ ಆಯಿಲ್‌ನ ತೆಳುವಾದ ಪೊರೆಯ ಮೇಲೆ ತಿರುಗುತ್ತಿರುತ್ತದೆ. ಆ ಪೊರೆಯನ್ನು ಉಳಿಸುವುದು ಪಂಪು ಕೊಡುವ ಒತ್ತಡ. ಒತ್ತಡ ಸುಮಾರು ಅರ್ಧ ಬಾರ್‌ಗಿಂತ ಕೆಳಗಿಳಿದಾಗ ದೀಪ ಹೊತ್ತುವಂತೆ ಅನೇಕ ಎಂಜಿನ್‌ಗಳಲ್ಲಿ ಸ್ವಿಚ್ ಇಟ್ಟಿರುತ್ತಾರೆ. ಅಂದರೆ ದೀಪ ಹೊತ್ತುವ ಹೊತ್ತಿಗೆ ಪರಿಸ್ಥಿತಿ ಆಗಲೇ ಕೆಟ್ಟಿರುತ್ತದೆ. ಅದಾದ ಮೇಲೆ ಲೋಹಕ್ಕೆ ಲೋಹ ಉಜ್ಜತೊಡಗುತ್ತದೆ, ಬೇರಿಂಗ್ ಕಾದು ಎಂಜಿನ್ ಸೀಜ್ ಆಗಲು ಕೆಲವೇ ನಿಮಿಷ ಸಾಕು. ಇನ್ನೆರಡು ಕಿಲೋಮೀಟರ್‌ನಲ್ಲಿ ಗ್ಯಾರೇಜಿದೆ ಎಂಬ ಲೆಕ್ಕಾಚಾರ ಇಲ್ಲಿ ನಡೆಯದು. ರಸ್ತೆ ಬದಿಗೆ ತಂದು ಎಂಜಿನ್ ಆಫ್ ಮಾಡುವುದೊಂದೇ ದಾರಿ.

ಘಟ್ಟದ ರಸ್ತೆಗಳಲ್ಲಿ, ಕಲ್ಲೆದ್ದ ಹಳ್ಳಿ ದಾರಿಗಳಲ್ಲಿ ಇದಕ್ಕೆ ಸಾಮಾನ್ಯ ಕಾರಣ ಕಾರಿನಡಿಗೆ ಕಲ್ಲು ಬಡಿದು ಆಯಿಲ್ ಚೇಂಬರ್ ಒಡೆಯುವುದು. ಹಿಂದೆ ತಿರುಗಿ ನೋಡಿದರೆ ಬಂದ ದಾರಿಯುದ್ದಕ್ಕೂ ಕಪ್ಪು ಗೆರೆ ಕಾಣುತ್ತದೆ. ಸೋರಿಕೆ ಕಾಣದಿದ್ದರೆ ಕಾರನ್ನು ಸಮತಟ್ಟಾದ ಜಾಗದಲ್ಲಿ ಐದು ಹತ್ತು ನಿಮಿಷ ನಿಲ್ಲಿಸಿ, ಡಿಪ್‌ಸ್ಟಿಕ್ ಒರೆಸಿ ಅದ್ದಿ ನೋಡಬೇಕು. ಮಟ್ಟ ಕೆಳಗಿನ ಗುರುತಿಗಿಂತ ಕಡಿಮೆಯಿದ್ದರೆ ಅದೇ ದರ್ಜೆಯ ಆಯಿಲ್ ಹಾಕಿ ಸ್ಟಾರ್ಟ್ ಮಾಡಬಹುದು. ಕೆಲವೇ ಸೆಕೆಂಡುಗಳಲ್ಲಿ ದೀಪ ಆರದಿದ್ದರೆ ಮತ್ತೆ ಆಫ್ ಮಾಡಬೇಕು. ಮಟ್ಟ ಸರಿಯಾಗಿದ್ದೂ ದೀಪ ಹೊತ್ತಿದ್ದರೆ ಪರಿಸ್ಥಿತಿ ಹಗುರವಾಗುವುದಿಲ್ಲ. ಸ್ವಿಚ್ ಕೆಟ್ಟು ಸುಳ್ಳು ಹೇಳುತ್ತಿರಬಹುದು, ಪಂಪೇ ಕೆಟ್ಟಿರಲೂಬಹುದು. ಎರಡರ ನಡುವೆ ತೀರ್ಮಾನಿಸಲು ಒತ್ತಡದ ಗೇಜ್ ಹಾಕಿ ಅಳೆಯಬೇಕು. ಅಲ್ಲಿಯವರೆಗೆ ಕಾರನ್ನು ಟೋ ಮಾಡಿಸುವುದೇ ಸರಿ. ತಿರುವಿನಲ್ಲೋ ಬ್ರೇಕ್ ಹಾಕಿದಾಗಲೋ ಮಾತ್ರ ದೀಪ ಮಿನುಗಿ ಆರುತ್ತಿದ್ದರೆ ಚೇಂಬರ್‌ನಲ್ಲಿ ಆಯಿಲ್ ಕಡಿಮೆಯಾಗಿ, ಅದು ಒಂದು ಬದಿಗೆ ಸರಿದಾಗ ಪಂಪು ಗಾಳಿ ಎಳೆಯುತ್ತಿರುವ ಸಾಧ್ಯತೆ ಹೆಚ್ಚು. ಇದೇ ಡಬ್ಬಿಯ ಹಳದಿ ಗುರುತು ಕೆಲವು ಕಾರುಗಳಲ್ಲಿರುತ್ತದೆ. ಅದು ಒತ್ತಡಕ್ಕಲ್ಲ, ಮಟ್ಟಕ್ಕೆ ಸಂಬಂಧಿಸಿದ್ದು, ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಕಾಯಬಹುದಾದದ್ದು.

ಎಂಜಿನ್ ಬಿಸಿಯ ಗುರುತು ಅಲೆಗಳ ಮೇಲೆ ನಿಂತ ಥರ್ಮಾಮೀಟರ್. ಇದು ನೀಲಿಯಲ್ಲಿದ್ದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದಷ್ಟೇ ಅರ್ಥ. ಮುಂಜಾನೆ ಸ್ಟಾರ್ಟ್ ಮಾಡಿದಾಗ ಕಂಡು ಕೆಲ ನಿಮಿಷಗಳಲ್ಲಿ ಹೋಗುತ್ತದೆ. ಕೆಂಪಾಗಿದ್ದರೆ ನಿಲ್ಲಬೇಕು. ಮುಳ್ಳಿರುವ ಕಾರಾದರೆ ಫೋಟೊದಲ್ಲಿ ಅದು C ಮತ್ತು H ನಡುವೆ ಎಲ್ಲಿದೆ ಎಂಬುದನ್ನೂ ನೋಡಬೇಕು. ಅನೇಕ ಕಾರುಗಳಲ್ಲಿ ಈ ಮುಳ್ಳು ಸಾಧಾರಣ ಏರಿಳಿತಕ್ಕೆ ಅಲುಗದೆ ನಡುವಿನಲ್ಲೇ ನಿಲ್ಲುವಂತೆ ಹೊಂದಿಸಿರುತ್ತಾರೆ. ಆದ್ದರಿಂದ ಅದು ನಡುವನ್ನು ದಾಟಿ ಮೇಲೇರಿದೆ ಎಂದರೆ ಬಿಸಿ ಆಗಲೇ ಮಿತಿ ಮೀರುತ್ತಿದೆ. ಇದಕ್ಕಿಂತ ಮೋಸದ್ದು H ಹತ್ತಿರವಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬೀಳುವುದು. ಕೂಲೆಂಟ್ ಪೂರ್ತಿ ಸೋರಿಹೋಗಿ ಸೆನ್ಸರ್ ಗಾಳಿಯಲ್ಲಿ ನಿಂತಾಗ ಹಾಗಾಗುತ್ತದೆ. ಎಂಜಿನ್ ತಣಿಯಿತು ಎಂದು ಸಮಾಧಾನಪಡುವ ಹೊತ್ತಲ್ಲ ಅದು.

ನಿಲ್ಲಿಸಲು ತಕ್ಷಣ ಜಾಗವಿಲ್ಲದ ಘಟ್ಟದ ತಿರುವಿನಲ್ಲಿ ಎ.ಸಿ. ಆಫ್ ಮಾಡಿ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಫ್ಯಾನ್ ಜೋರಾಗಿಟ್ಟರೆ ಎಂಜಿನ್ನಿನ ಒಂದಷ್ಟು ಬಿಸಿ ಕಾರಿನೊಳಕ್ಕೆ ಬರುತ್ತದೆ. ಕೂತವರಿಗೆ ಬೆವರಿಳಿದರೂ ಜಾಗ ಸಿಗುವವರೆಗೆ ಅದು ಉಪಕಾರಿ. ನಿಲ್ಲಿಸಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆಯಲು ಹೋಗಬಾರದು. ಒಳಗಿನ ಕೂಲೆಂಟ್ ಒತ್ತಡದಲ್ಲಿರುವುದರಿಂದ ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದು ಒತ್ತಡ ತಪ್ಪಿದ ಕ್ಷಣ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ ಕಾಯಬೇಕು, ಮುಚ್ಚಳ ಕೈಗೆ ಬಿಸಿ ತಾಗದಷ್ಟು ಆರಿರಬೇಕು. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವ ಅಭ್ಯಾಸ ಹಳೆಯದು, ಸಿಲಿಂಡರ್ ಹೆಡ್ ಸೊಟ್ಟಗಾಗಲು ಇಲ್ಲವೇ ಬಿರಿಯಲು ಅದೇ ಸಾಕು. ಬಿಸಿಯಾದ ಕಾರನ್ನು ಇನ್ನೈದು ಕಿಲೋಮೀಟರ್ ಎಳೆದುಕೊಂಡು ಹೋದವರಿಗೆ ಬರುವ ಬಿಲ್ಲು ಸಾಮಾನ್ಯವಾಗಿ ಹೆಡ್ ಗ್ಯಾಸ್ಕೆಟ್ಟಿನದು, ಟೋ ಮಾಡಿಸುವ ಖರ್ಚು ಅದರ ಮುಂದೆ ಏನೂ ಅಲ್ಲ.

ಬ್ರೇಕಿನ ಗುರುತು ವೃತ್ತದೊಳಗಿನ ಉದ್ಗಾರ ಚಿಹ್ನೆ, ಎರಡು ಬದಿಗೂ ಒಂದೊಂದು ಕಮಾನು. ಅನೇಕ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿದೆ ಎಂದು ಹೇಳುವುದೂ ಬ್ರೇಕ್ ಆಯಿಲ್ ಕಡಿಮೆಯಾಗಿದೆ ಎಂದು ಹೇಳುವುದೂ ಇದೇ ದೀಪ. ನಿಂತ ಕಾರಿನ ಫೋಟೊದಲ್ಲಿ ಇದು ಕಂಡರೆ ಮೊದಲ ಅರ್ಥವೇ ಹೆಚ್ಚು ಸಂಭವ. ಸಮತಟ್ಟಾದ ಜಾಗದಲ್ಲಿ ಬ್ರೇಕ್ ಪೆಡಲ್ ಒತ್ತಿಕೊಂಡು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿದರೆ ದೀಪ ಆರಬೇಕು. ಆರದಿದ್ದರೆ ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಬೇಕು. ಬ್ರೇಕ್ ಪ್ಯಾಡ್ ಸವೆದಂತೆಲ್ಲ ಮಟ್ಟ ನಿಧಾನವಾಗಿ ಇಳಿಯುತ್ತದೆ. ಅಂಥ ಕಾರಿನಲ್ಲಿ ದೀಪ ಮೊದಲು ಇಳಿಜಾರಿನಲ್ಲಿ, ತಿರುವಿನಲ್ಲಿ ಆಗಾಗ ಮಿನುಗಿ ಸುಳಿವು ಕೊಡುತ್ತದೆ. ಆದರೆ ಪೆಡಲ್ ಮೆತ್ತಗಾಗಿದ್ದರೆ, ಎಂದಿಗಿಂತ ಆಳಕ್ಕೆ ಇಳಿಯುತ್ತಿದ್ದರೆ, ಎಲ್ಲೋ ಸೋರುತ್ತಿದೆ ಎಂದರ್ಥ. ಬ್ರೇಕಿನ ಕೊಳವೆಗಳು ಎರಡು ಪ್ರತ್ಯೇಕ ಸರ್ಕ್ಯೂಟ್‌ಗಳಾಗಿ ಇರುವುದರಿಂದ ಒಂದು ಹೋದರೂ ಇನ್ನೊಂದು ಕಾರನ್ನು ನಿಲ್ಲಿಸುತ್ತದೆ, ನಿಲ್ಲಲು ಬೇಕಾಗುವ ದೂರ ಮಾತ್ರ ಬಹಳ ಹೆಚ್ಚುತ್ತದೆ. ಆ ಉಳಿದ ಒಂದನ್ನು ಕಾರು ನಿಲ್ಲಿಸಲು ಬಳಸಬೇಕೇ ಹೊರತು ಊರು ಸೇರಲು ಅಲ್ಲ.

ಎಬಿಎಸ್‌ನ ಹಳದಿ ದೀಪ ಒಂದೇ ಇದ್ದರೆ ಬ್ರೇಕ್ ಎಂದಿನಂತೆ ಹಿಡಿಯುತ್ತದೆ, ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ನೆರವಷ್ಟೇ ಇರುವುದಿಲ್ಲ. ಅಂತರ ಬಿಟ್ಟು ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಹ್ಯಾಂಡ್‌ಬ್ರೇಕ್ ಇಳಿಸಿದ್ದೂ ಬ್ರೇಕಿನ ಕೆಂಪು ದೀಪ ಮತ್ತು ABS ಹಳದಿ ದೀಪ ಎರಡೂ ಒಟ್ಟಿಗೆ ಇದ್ದರೆ ಲೆಕ್ಕ ಬೇರೆ. ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕಿನ ಬಲ ಹಂಚುವ ವ್ಯವಸ್ಥೆಯೂ ಕೈಕೊಟ್ಟಿರಬಹುದು. ಆಗ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಗಿರ್ರನೆ ತಿರುಗುವ ಅಪಾಯವಿದೆ. ಈ ಜೋಡಿಗೆ ನಿಲ್ಲಲೇಬೇಕು.

ಬ್ಯಾಟರಿ ದೀಪವೂ ಕೆಂಪೇ, ಆದರೆ ಅದು ಸ್ವಲ್ಪ ಸಮಯ ಕೊಡುತ್ತದೆ. ಅದು ಹೇಳುವುದು ಬ್ಯಾಟರಿ ಕೆಟ್ಟಿದೆ ಎಂದಲ್ಲ, ಅದಕ್ಕೆ ಚಾರ್ಜ್ ಆಗುತ್ತಿಲ್ಲ ಎಂದು. ಎಂಜಿನ್ ಓಡುವಾಗ 14 ವೋಲ್ಟ್ ಆಸುಪಾಸಿನಲ್ಲಿರಬೇಕಾದ ಸರಬರಾಜು ನಿಂತು, ಕಾರು ಬ್ಯಾಟರಿಯಲ್ಲಿ ಉಳಿದದ್ದನ್ನು ತಿನ್ನುತ್ತಾ ಓಡುತ್ತಿರುತ್ತದೆ. ಹಗಲಿನಲ್ಲಿ ಎ.ಸಿ., ಮ್ಯೂಸಿಕ್ ಎಲ್ಲ ಆಫ್ ಮಾಡಿದರೆ ಸಮೀಪದ ಊರು ಮುಟ್ಟಬಹುದು. ರಾತ್ರಿ ಹೆಡ್‌ಲೈಟ್ ಉರಿಯುತ್ತಿದ್ದರೆ ಆ ಅವಧಿ ಬಹಳ ಕುಗ್ಗುತ್ತದೆ. ದಾರಿಯಲ್ಲಿ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗದೆ ಇರಬಹುದು. ವಿದ್ಯುತ್‌ನಿಂದ ನಡೆಯುವ ಪವರ್ ಸ್ಟೀರಿಂಗ್ ಇದ್ದರೆ ಬ್ಯಾಟರಿ ಇಳಿದಂತೆ ಅದು ಕೈಗೆ ಭಾರವಾಗತೊಡಗುತ್ತದೆ.

ಕೆಂಪಾಗಿದ್ದ ಮಾತ್ರಕ್ಕೆ ರಸ್ತೆಯಲ್ಲಿ ನಿಲ್ಲಬೇಕಿಲ್ಲದ ದೀಪಗಳಲ್ಲಿ ಏರ್‌ಬ್ಯಾಗಿನದು ಮುಖ್ಯ. ಅದು ಉರಿಯುತ್ತಿದ್ದರೆ ಅಪಘಾತವಾದಾಗ ಏರ್‌ಬ್ಯಾಗ್ ತೆರೆಯದೆ ಹೋಗಬಹುದು. ಬೇಗ ತೋರಿಸಬೇಕು, ಆದರೆ ಕಾರು ಓಡುವುದಕ್ಕೆ ಅದರಿಂದ ತೊಂದರೆಯಿಲ್ಲ. ಇದಕ್ಕೆ ವಿರುದ್ಧವಾಗಿ, ಹಳದಿಯಾಗಿದ್ದೂ ನಿಲ್ಲಿಸುವ ದೀಪ ಚೆಕ್ ಎಂಜಿನ್. ಎಂಜಿನ್ನಿನ ಹೊರರೇಖೆಯಂತಿರುವ ಈ ಗುರುತು ಒಂದೇ ಸಮನೆ ಉರಿಯುತ್ತಿದ್ದು ಕಾರು ಎಂದಿನಂತೆ ಓಡುತ್ತಿದ್ದರೆ ಗ್ಯಾರೇಜಿಗೆ ಹೋಗುವಷ್ಟು ಅವಕಾಶವಿದೆ. ಮಿನುಗುತ್ತಿದ್ದರೆ, ಅದರಲ್ಲೂ ಪೆಟ್ರೋಲ್ ಕಾರಿನಲ್ಲಿ, ಯಾವುದೋ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಅದರಲ್ಲಿ ಉರಿಯದೆ ಉಳಿದ ಪೆಟ್ರೋಲ್ ಸೈಲೆನ್ಸರ್ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಕೆಂಪಗೆ ಕಾದು ಕರಗಿ ಹಾಳಾಗುತ್ತದೆ. ಅಂಥ ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸಿದರೆ ಬೆಂಕಿ ಹತ್ತಲೂಬಹುದು. ಆಕ್ಸಿಲರೇಟರ್ ಬಿಟ್ಟು ವೇಗ ತಗ್ಗಿಸಿ, ಹುಲ್ಲಿಲ್ಲದ ಜಾಗ ನೋಡಿ ನಿಲ್ಲಿಸಬೇಕು. ಒಂದೇ ಫೋಟೊದಿಂದ ಈ ನಿರ್ಧಾರ ಸಾಧ್ಯವಿಲ್ಲ, ವಿಡಿಯೊ ಬೇಕೇ ಬೇಕು. ಟೈರಿನ ಗಾಳಿ ಕಡಿಮೆಯಾಗಿದೆ ಎನ್ನುವ ಹಳದಿ ದೀಪಕ್ಕೆ, ಅಂದರೆ ಕುದುರೆ ಲಾಳದಂಥ ಆಕಾರದೊಳಗಿನ ಉದ್ಗಾರ ಚಿಹ್ನೆಗೆ, ವೇಗ ಇಳಿಸಿ ಮೊದಲ ಸುರಕ್ಷಿತ ಜಾಗದಲ್ಲಿ ನಿಂತು ನಾಲ್ಕೂ ಟೈರುಗಳನ್ನು ಕಣ್ಣಾರೆ ನೋಡಬೇಕು.

ಇಷ್ಟನ್ನು ಒಂದು ಫೋಟೊಗೆ ಅನ್ವಯಿಸಿ ನೋಡಬಹುದು. ಗುಂಡ್ಯದಿಂದ ಸಕಲೇಶಪುರದ ಕಡೆ ಶಿರಾಡಿ ಘಾಟಿ ಹತ್ತುತ್ತಿದ್ದ ಪೆಟ್ರೋಲ್ ಕಾರೊಂದರಿಂದ ಸಂಜೆ ಆರೂವರೆಗೆ ಫೋಟೊ ಬಂದಿದೆ ಎಂದುಕೊಳ್ಳೋಣ. ವೇಗ ಸೊನ್ನೆ, ಆರ್‌ಪಿಎಂ ಮುಳ್ಳು ಒಂದಕ್ಕಿಂತ ತುಸು ಕೆಳಗೆ, ಬಿಸಿಯ ಮುಳ್ಳು ಮುಕ್ಕಾಲು ಭಾಗದಲ್ಲಿ. ಬ್ಯಾಟರಿ ಮತ್ತು ಬ್ರೇಕಿನ ಕೆಂಪು ದೀಪಗಳು, ಚೆಕ್ ಎಂಜಿನ್ ಹಳದಿ ದೀಪ, ಹೆಡ್‌ಲೈಟಿನ ಹಸಿರು ಗುರುತು. ಆಯಿಲ್ ದೀಪ ಇಲ್ಲ.

ಆರ್‌ಪಿಎಂ ಸುಮಾರು 800 ಇರುವುದರಿಂದ ಎಂಜಿನ್ ಓಡುತ್ತಿದೆ, ಇದು ಕೀ ಆನ್ ಮಾಡಿದಾಗಿನ ಪರೀಕ್ಷೆಯಲ್ಲ. ಕಾರು ಏರಿನಲ್ಲಿ ನಿಂತಿದೆ, ಹಾಗಾಗಿ ಬ್ರೇಕ್ ದೀಪಕ್ಕೆ ಹ್ಯಾಂಡ್‌ಬ್ರೇಕೇ ಕಾರಣವಿರಬಹುದು, ಕೇಳಿ ಖಚಿತಪಡಿಸಿಕೊಂಡರೆ ಸಾಕು. ಉಳಿದದ್ದು ಬ್ಯಾಟರಿ ದೀಪ ಮತ್ತು ಮೇಲೇರಿದ ಬಿಸಿ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಬ್ಯಾಟರಿಗೆ ಸಮಯವಿದೆ, ಬಿಸಿಗೆ ಘಟ್ಟದ ಏರು ಕಾರಣವೆನ್ನಬಹುದು. ಎರಡನ್ನೂ ಸೇರಿಸಿ ಓದಿದರೆ ಅರ್ಥ ಬದಲಾಗುತ್ತದೆ: ಅನೇಕ ಎಂಜಿನ್‌ಗಳಲ್ಲಿ ಆಲ್ಟರ್ನೇಟರನ್ನೂ ಕೂಲೆಂಟ್ ಹರಿಸುವ ವಾಟರ್ ಪಂಪನ್ನೂ ತಿರುಗಿಸುವುದು ಒಂದೇ ಬೆಲ್ಟ್. ಆ ಬೆಲ್ಟ್ ತುಂಡಾದರೆ ಚಾರ್ಜಿಂಗ್ ಮತ್ತು ಕೂಲಿಂಗ್ ಎರಡೂ ಒಟ್ಟಿಗೆ ನಿಲ್ಲುತ್ತವೆ. ಚೆಕ್ ಎಂಜಿನ್ ದೀಪ ಇವುಗಳ ಬೆನ್ನಿಗೇ ಬಂದಿರಬಹುದು. ಫೋಟೊ ಕಳಿಸಿದವರಿಗೆ ಕೊಡಬೇಕಾದ ಮೊದಲ ಉತ್ತರ, ಎಂಜಿನ್ ಈಗಲೇ ಆಫ್ ಮಾಡಿ ಎಂದು. ನಂತರ ಹಜಾರ್ಡ್ ದೀಪ ಹಾಕಿ, ಎಚ್ಚರಿಕೆಯ ತ್ರಿಕೋನವನ್ನು ತಿರುವಿಗೆ ಮೊದಲೇ ಕಾಣುವಷ್ಟು ಹಿಂದೆ ಇಟ್ಟು, ಜನರನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಬೇಕು.

ಬಾನೆಟ್ ತೆರೆದು ಟಾರ್ಚ್ ಬಿಟ್ಟು ಬೆಲ್ಟ್ ಇರುವ ಬದಿಯ ಇನ್ನೊಂದು ಫೋಟೊ ತೆಗೆಯಬಹುದು. ಕೈ ಮಾತ್ರ ಹಾಕಬಾರದು, ರೇಡಿಯೇಟರಿನ ವಿದ್ಯುತ್ ಫ್ಯಾನ್ ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಆದ ಮೇಲೂ ತಾನಾಗಿ ತಿರುಗತೊಡಗುತ್ತದೆ. ಬೆಲ್ಟ್ ಕಾಣದಿದ್ದರೆ, ಇಲ್ಲವೇ ಹರಿದು ಜೋತುಬಿದ್ದಿದ್ದರೆ, ಚರ್ಚೆ ಮುಗಿಯಿತು, ಟೋ ಗಾಡಿ ಕರೆಸಬೇಕು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ನೆರವಿಗೆ 1033 ಸಂಖ್ಯೆಗೆ ಕರೆ ಮಾಡಬಹುದು. ಬೆಲ್ಟ್ ಗಟ್ಟಿಯಾಗಿದ್ದರೆ ಆಲ್ಟರ್ನೇಟರ್ ಕೆಟ್ಟಿರಬಹುದು, ಬಿಸಿಗೆ ಬೇರೆ ಕಾರಣವಿರಬಹುದು. ಎಂಜಿನ್ ಪೂರ್ತಿ ಆರಿದ ಮೇಲೆ ಕೂಲೆಂಟ್ ಡಬ್ಬಿಯ ಮಟ್ಟ ನೋಡಬೇಕು. ಮಟ್ಟ ಸರಿಯಾಗಿದ್ದು, ಮತ್ತೆ ಸ್ಟಾರ್ಟ್ ಮಾಡಿದಾಗ ಮುಳ್ಳು ನಡುವಿನಲ್ಲೇ ನಿಂತರೆ ಕೈಯಲ್ಲಿ ಉಳಿಯುವುದು ಬ್ಯಾಟರಿ ದೀಪವೊಂದೇ. ಬೆಳಗಿನ ಹತ್ತು ಗಂಟೆಯಾಗಿದ್ದರೆ ಎ.ಸಿ. ಆಫ್ ಮಾಡಿ ಮುಳ್ಳಿನ ಮೇಲೆ ಕಣ್ಣಿಟ್ಟು ಸಕಲೇಶಪುರಕ್ಕೆ ಹತ್ತಬಹುದಿತ್ತು. ಕತ್ತಲಾಗುತ್ತಿರುವ ಘಟ್ಟದಲ್ಲಿ ಹೆಡ್‌ಲೈಟ್ ಇಲ್ಲದೆ ಓಡಿಸುವಂತಿಲ್ಲ, ಹಾಕಿದರೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಹೇಳುವಂತಿಲ್ಲ. ಹಾಗಾಗಿ ಬೆಲ್ಟ್ ಇದ್ದರೂ ಈ ಕಾರು ಟೋ ಗಾಡಿಯ ಮೇಲೆಯೇ ಸಕಲೇಶಪುರ ಸೇರಬೇಕು.